ಡಬ್ಬಿಯ ಮೇಲಿನ ನಂಬರ್ ಸಾಲದು

ಬಳಸಿದ ಫೋನ್ ಮಾರುವವರು ಮೊದಲು ನಮ್ಮ ಕೈಗಿಡುವುದು ಡಬ್ಬಿಯನ್ನು. ‘ಬಿಲ್ ಇದೆ, ಡಬ್ಬಿ ಇದೆ, ಒಂದು ಗೀರೂ ಇಲ್ಲ ನೋಡಿ ಸರ್’ ಅನ್ನುತ್ತಾರೆ. ಡಬ್ಬಿಯ ಮೇಲಿನ ಐಎಂಇಐ ನಂಬರ್ ಆ ಡಬ್ಬಿಯೊಳಗೆ ಮೊದಲು ಯಾವ ಫೋನ್ ಇತ್ತು ಎಂಬುದನ್ನಷ್ಟೇ ಹೇಳುತ್ತದೆ. ಅದೇ ಮಾಡೆಲ್ಲಿನ ಕದ್ದ ಫೋನನ್ನು ಇನ್ನೊಂದರ ಡಬ್ಬಿಗೆ ತುಂಬಿ ಕೊಡುವುದು ಈ ವ್ಯಾಪಾರದ ಹಳೆಯ ಕೈಚಳಕ. ಹಾಗಾಗಿ ಡಬ್ಬಿ ಪಕ್ಕಕ್ಕಿರಲಿ, ಮೊದಲು ಫೋನಿನಲ್ಲಿ *#06# ಒತ್ತಿ. ಎರಡು ಸಿಮ್ಮಿನ ಫೋನಾದರೆ ಹದಿನೈದು ಅಂಕಿಯ ಎರಡು ನಂಬರ್ ಬರುತ್ತವೆ. ಎರಡನ್ನೂ ಡಬ್ಬಿಗೆ, ಬಿಲ್ಲಿಗೆ, ಸೆಟ್ಟಿಂಗ್ಸ್‌ನ ಅಬೌಟ್ ಫೋನ್ ಪುಟಕ್ಕೆ ಹೋಲಿಸಿ. ಕೊನೆಯ ನಾಲ್ಕು ಅಂಕಿ ನೋಡಿ ಸುಮ್ಮನಾಗಬೇಡಿ, ಪೂರ್ತಿ ಓದಿ.

ಈಚೆಗೆ ಪಕ್ಕದ ಮನೆಯ ಹುಡುಗ ಫೋನ್ ಕೊಳ್ಳಲು ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದ. ಎರಡು ವರ್ಷ ಹಳೆಯ ಆಂಡ್ರಾಯ್ಡ್ ಫೋನ್, ಕೇಳಿದ ಬೆಲೆ 16,000. ಮಾರುವವನೂ ಕೆಲಸಕ್ಕೆ ಹೋಗುವ ಹುಡುಗನೇ, ರಾಜಾಜಿನಗರದ ಒಂದು ದರ್ಶಿನಿಗೆ ಬರಹೇಳಿದ್ದ. ನಂಬರುಗಳು ಎಲ್ಲ ಕಡೆಯೂ ಹೊಂದಿದವು. ಮುಂದಿನ ಕೆಲಸ ದೂರಸಂಪರ್ಕ ಇಲಾಖೆಯ ದಾಖಲೆಯಲ್ಲಿ ನೋಡುವುದು. 14422ಕ್ಕೆ ಹೀಗೊಂದು ಎಸ್ಎಂಎಸ್ ಕಳಿಸಿದರೆ ಸಾಕು. ಇಲ್ಲಿರುವುದು ಮಾದರಿ ನಂಬರ್, ಅದರ ಜಾಗದಲ್ಲಿ ನಿಮ್ಮ ಎದುರಿನ ಫೋನಿನದು ಬರಲಿ:

```
KYM 490154203237518
```

2023ರ ಮೇ ತಿಂಗಳಲ್ಲಿ ಶುರುವಾದ ಸಂಚಾರ್ ಸಾಥಿ ಪೋರ್ಟಲ್ಲಿನಲ್ಲೂ ಇದನ್ನೇ ನೋಡಬಹುದು. ಬ್ಲ್ಯಾಕ್‌ಲಿಸ್ಟೆಡ್, ಡೂಪ್ಲಿಕೇಟ್, ಆಲ್ರೆಡಿ ಇನ್ ಯೂಸ್ ಎಂಬ ಮೂರರಲ್ಲಿ ಯಾವುದು ಬಂದರೂ ಕೊಳ್ಳಬೇಡಿ ಎಂದು ಇಲಾಖೆಯೇ ಹೇಳುತ್ತದೆ. ವ್ಯಾಲಿಡ್ ಅಂತ ಬಂದ ಕೂಡಲೇ ಫೋನ್ ಜೇಬಿಗೆ ಹಾಕುವವರೇ ಹೆಚ್ಚು. ಉತ್ತರದಲ್ಲಿ ಕಂಪನಿ ಮತ್ತು ಮಾಡೆಲ್ಲಿನ ಹೆಸರೂ ಇರುತ್ತದೆ, ನನಗೆ ಅದೇ ಮುಖ್ಯ. ಐಎಂಇಐನ ಮೊದಲ ಎಂಟು ಅಂಕಿ ಆ ಮಾಡೆಲ್ಲಿನ ಗುರುತು. ಕೈಯಲ್ಲಿರುವುದು ಒಂದು, ದಾಖಲೆ ಹೇಳುವುದು ಇನ್ನೊಂದು ಎಂದಾದರೆ ಯಾರೋ ನಂಬರ್ ತಿದ್ದಿದ್ದಾರೆ ಎಂದೇ ತಿಳಿಯಬೇಕು. ಹಾಗೆ ತಿದ್ದುವುದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು ಇದೆ. ಅಂಥ ಫೋನಿಗೆ ಬೆಲೆ ಚೌಕಾಸಿಯನ್ನೂ ಮಾಡಬಾರದು, ಚಹಾ ಮುಗಿಸಿ ಎದ್ದು ಬರಬೇಕು.

ಬ್ಲಾಕ್ ಆದ ಫೋನ್ ಸತ್ತು ಬಿದ್ದಿರುವುದಿಲ್ಲ. ನಮ್ಮ ದೇಶದ ಮೊಬೈಲ್ ನೆಟ್‌ವರ್ಕ್‌ಗಳು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅಷ್ಟೇ. ವೈಫೈನಲ್ಲಿ ಯೂಟ್ಯೂಬ್ ಸರಾಗವಾಗಿ ಓಡುತ್ತಿರುತ್ತದೆ. ಅದಕ್ಕೇ ಮಾರುವವರ ಮನೆಯ ವೈಫೈನಲ್ಲಿ ತೋರಿಸಿದ ಫೋನನ್ನು ನಂಬಲಾಗದು. ನಿಮ್ಮ ಸಿಮ್ಮನ್ನು ಎರಡೂ ಕಿಂಡಿಗೆ ಒಂದಾದ ಮೇಲೊಂದು ಹಾಕಿ ಕರೆ ಮಾಡಿ. ಬೋರ್ಡ್ ರಿಪೇರಿಯಾದ ಫೋನುಗಳಲ್ಲಿ ಒಂದು ಕಿಂಡಿ ಮಾತ್ರ ಕೆಲಸ ಮಾಡುವುದೂ ಉಂಟು. ಮಾತಾಡುವಾಗ ಫೋನನ್ನು ಕಿವಿಗೆ ಹಿಡಿದರೆ ಪರದೆ ಆರಬೇಕು. ಸ್ಪೀಕರ್ ಹಾಕಿ ಇನ್ನೊಮ್ಮೆ ಮಾತಾಡಿ, ಏಕೆಂದರೆ ಅನೇಕ ಫೋನುಗಳಲ್ಲಿ ಆಗ ಬಳಕೆಯಾಗುವುದು ಮೇಲಿನ ಮೈಕ್.

ಇಷ್ಟಾದರೂ ಇಲಾಖೆಯ ದಾಖಲೆಗೆ ಕಾಣದ ಒಂದು ಬೀಗ ಉಳಿಯುತ್ತದೆ. ಕಂತಿನ ಮೇಲೆ ಕೊಂಡ ಫೋನಿಗೆ ಸಾಲ ಕೊಟ್ಟವರು ತಮ್ಮದೇ ಲಾಕ್ ಹಾಕಿರುವುದುಂಟು. ಇಎಂಐ ತಪ್ಪಿದರೆ ಪರದೆ ತಾನಾಗಿ ಮುಚ್ಚಿಕೊಳ್ಳಬಹುದು. ಐಎಂಇಐ ಪರೀಕ್ಷೆ ಇದನ್ನು ಹಿಡಿಯದು, ಅಲ್ಲಿ ಎಲ್ಲ ವ್ಯಾಲಿಡ್. ಹಿಡಿಯುವ ದಾರಿ ಒಂದೇ: ಮಾರುವವರ ಕೈಯಲ್ಲೇ ಗೂಗಲ್ ಖಾತೆ ತೆಗೆಸಿ, ಎದುರಿಗೇ ಫ್ಯಾಕ್ಟರಿ ರೀಸೆಟ್ ಮಾಡಿಸಿ, ಇಂಟರ್ನೆಟ್ ಕೊಟ್ಟು ಹೊಸ ಫೋನಿನಂತೆ ಮೊದಲಿಂದ ತೆರೆಯುವುದು. ಹಳೆಯ ಖಾತೆಯ ಪಾಸ್‌ವರ್ಡ್ ಕೇಳಿದರೆ ಖಾತೆ ಇನ್ನೂ ಹೋಗಿಲ್ಲ. ಐಫೋನಿನಲ್ಲಿ ಇದೇ ಆ್ಯಕ್ಟಿವೇಶನ್ ಲಾಕ್. ಈ ಸಾಧನ ಒಂದು ಸಂಸ್ಥೆಯ ನಿಯಂತ್ರಣದಲ್ಲಿದೆ ಎಂಬ ಸಾಲು ಬಂದರೆ, ಇಲ್ಲವೇ ನೀವು ಹಾಕದ ಸಾಲದ ಆ್ಯಪ್ ಒಂದು ತಾನೇ ಬಂದು ಕೂತರೆ, ಕಂತು ಬಾಕಿ ಇರಬಹುದು.

ರಾಜಾಜಿನಗರದಲ್ಲಿ ಆದದ್ದೂ ಅದೇ. ರೀಸೆಟ್ ಎಂದ ಕೂಡಲೇ ಮಾರುವ ಹುಡುಗ ಸ್ವಲ್ಪ ಹಿಂದೆ ಮುಂದೆ ನೋಡಿದ. ಆಮೇಲೆ ಮಾಡಿದ. ವೈಫೈ ಸಿಕ್ಕ ಎರಡೇ ನಿಮಿಷಕ್ಕೆ ಆ ಸಾಲು ಪರದೆಗೆ ಬಂತು. ‘ಎರಡೇ ಕಂತು ಸರ್, ನಾನೇ ಕಟ್ತೀನಿ’ ಅಂದ. ಕಟ್ಟುತ್ತಿದ್ದನೋ ಏನೋ! ಸುಳ್ಳುಗಾರನಂತೆ ಕಾಣಲಿಲ್ಲ. ಆದರೆ ದುಡ್ಡು ಕೊಟ್ಟ ಮೇಲೆ ಅವನ ಕಂತಿಗೆ ನಮ್ಮ ಫೋನೇ ಒತ್ತೆ. ಕಂತು ತೀರಿಸಿ, ಸಾಲ ಕೊಟ್ಟವರಿಂದ ಎನ್ಒಸಿ ತೆಗೆದುಕೊಂಡು, ಲಾಕ್ ತೆಗೆಸಿಕೊಂಡು ಬಾ, ಆಮೇಲೆ ನೋಡೋಣ ಎಂದೆವು.

ಹೇಗೂ ಕೂತಿದ್ದೇವಲ್ಲ ಎಂದು ಪರದೆಯನ್ನೂ ನೋಡಿದೆ. ಬಳಸಿದ ಫೋನಿನಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲದ ಭಾಗವೇ ಇದು, ಏಕೆಂದರೆ ಒಡೆದ ಡಿಸ್‌ಪ್ಲೇಗೆ ಅಗ್ಗದ್ದನ್ನು ಹಾಕಿಸಿ ಮಾರುವವರು ಬಹಳ. ಈ ಮಾಡೆಲ್ಲಿಗೆ ಕಂಪನಿಯಿಂದ ಬರುವುದು ಅಮೊಲೆಡ್ ಪರದೆ. ಅದರಲ್ಲಿ ಕಪ್ಪು ಎಂದರೆ ಆ ಜಾಗದ ಬೆಳಕೇ ಆರಿರುತ್ತದೆ. ಪೂರ್ತಿ ಕಪ್ಪು ಚಿತ್ರವೊಂದನ್ನು ತೆರೆದು, ಬ್ರೈಟ್‌ನೆಸ್ ಏರಿಸಿ, ಅಂಗೈಯಿಂದ ಮರೆಮಾಡಿ ನೋಡಿದರೆ ಅಸಲಿ ಪರದೆ ಆರಿದಂತೆಯೇ ಇರುತ್ತದೆ. ಎಲ್‌ಸಿಡಿ ಹಾಕಿದ್ದರೆ ಅಂಚಿನಿಂದ ಬೂದುಬಣ್ಣದ ಬೆಳಕು ಸೋರುತ್ತದೆ. ಇಲ್ಲಿ ಸೋರುತ್ತಿತ್ತು. ಪರದೆಯೊಳಗಿನ ಬೆರಳಚ್ಚು ಸೆನ್ಸರಿಗೆ ಹೊಸದಾಗಿ ಬೆರಳು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಆ ಸೆನ್ಸರ್ ಪರದೆಯ ಮೂಲಕವೇ ಬೆರಳನ್ನು ನೋಡಬೇಕು, ಎಲ್‌ಸಿಡಿಯ ಹಿಂದಿನ ಬೆಳಕಿನ ಹಾಳೆ ಅದಕ್ಕೆ ಗೋಡೆಯಾಗುತ್ತದೆ. ಪರದೆ ಅಸಲಿಯೇ ಆಗಿದ್ದರೆ ಬಿಳಿ ಚಿತ್ರ ತೆರೆದು ಕೀಬೋರ್ಡಿನ ಮಸುಕು ನೆರಳೋ ಹಸಿರು ಗೆರೆಯೋ ಉಳಿದಿದೆಯೇ ಎಂದು ನೋಡಬೇಕಿತ್ತು. ಐಫೋನಿನಲ್ಲಿ ಈ ಕಷ್ಟ ಕಡಿಮೆ, 11ರಿಂದ ಈಚಿನ ಮಾಡೆಲ್ಲುಗಳಲ್ಲಿ ಪರದೆ ಬದಲಾಗಿದ್ದರೆ ಅಬೌಟ್ ಪುಟದಲ್ಲೇ ಬರೆದಿರುತ್ತದೆ.

ಬ್ಯಾಟರಿಗೆ ಹತ್ತು ನಿಮಿಷ ಸಾಕು. ಚಾರ್ಜ್ ಅರ್ಧಕ್ಕಿಂತ ಕೆಳಗಿರುವಾಗ ಬ್ರೈಟ್‌ನೆಸ್ ಪೂರ್ತಿ ಏರಿಸಿ, ಫ್ಲ್ಯಾಶ್ ಹಾಕಿ ವಿಡಿಯೊ ತೆಗೆಯುತ್ತಿರಿ. ಶೇಕಡಾವಾರು ಒಂದೊಂದಾಗಿ ಇಳಿಯಬೇಕು, ಧುಮುಕಬಾರದು. ಫೋನ್ ದಿಢೀರನೆ ಆಫ್ ಆದರೆ ಬ್ಯಾಟರಿ ಮುಗಿದಿದೆ, ಇಲ್ಲವೇ ಬೋರ್ಡಿನಲ್ಲಿ ದೋಷವಿದೆ. ಸಿಮ್ ಟ್ರೇ ತೆಗೆದಾಗ ಕಿಂಡಿಯೊಳಗೆ ಟಾರ್ಚ್ ಬಿಡಿ. ಹಲವು ಫೋನುಗಳಲ್ಲಿ ಅಲ್ಲೊಂದು ಬಿಳಿ ಚುಕ್ಕಿ ಇರುತ್ತದೆ, ಕೆಂಪಾಗಿದ್ದರೆ ಒಳಗೆ ನೀರು ಹೋಗಿದೆ.

ಮಾರುವ ಹುಡುಗ ಮುಂದಿನ ವಾರ ಎನ್ಒಸಿ ಹಿಡಿದೇ ಬಂದ. ಇನ್ನೊಮ್ಮೆ ರೀಸೆಟ್ ಮಾಡಿದೆವು, ಆ ಸಾಲು ಬರಲಿಲ್ಲ. ಪರದೆಗೆಂದು 4,000 ಕಳೆದು 12,000ಕ್ಕೆ ಕುದುರಿತು. ಬಿಲ್ಲಿನಲ್ಲಿರುವುದು ಅವನದೇ ಹೆಸರು ಎಂದು ನೋಡಿ, ಎರಡೂ ಐಎಂಇಐ, ಬೆಲೆ, ತಾರೀಖು ಬರೆದ ಕಾಗದಕ್ಕೆ ಸಹಿ ಹಾಕಿಸಿ, ಗುರುತಿನ ಚೀಟಿಯ ಪ್ರತಿ ಪಡೆದು, ಹಣವನ್ನು ಅವನ ಹೆಸರಿನ ಖಾತೆಗೇ ಯುಪಿಐ ಮಾಡಿಸಿದೆ. ನಾಳೆ ಪೊಲೀಸರ ಫೋನ್ ಬಂದರೆ ನಾವು ಕಳ್ಳಮಾಲು ಎಂದು ಗೊತ್ತಿದ್ದು ಕೊಂಡವರಲ್ಲ ಎನ್ನಲು ಈ ಕಾಗದ ಬೇಕು. ಫೋನ್ ಮಾತ್ರ ಅದರ ನಿಜವಾದ ಒಡೆಯನಿಗೇ ಹೋಗುತ್ತದೆ. ವ್ಯಾಲಿಡ್ ಎಂಬುದು ಆ ಹೊತ್ತಿನ ಮಾತು. ನಿನ್ನೆ ಕಳೆದುಕೊಂಡವರು ಇವತ್ತು ಸಂಜೆ ದೂರು ಕೊಟ್ಟು ಬ್ಲಾಕ್ ಮಾಡಿಸಬಹುದು. ವಾರದ ಹಿಂದಿನ ಉತ್ತರವನ್ನು ನೆಚ್ಚದೆ, ಹಣ ಕಳಿಸುವ ಮೊದಲು ಪಕ್ಕದ ಮನೆಯ ಹುಡುಗನ ಕೈಯಲ್ಲಿ 14422ಕ್ಕೆ ಎರಡೂ ನಂಬರನ್ನು ಮತ್ತೆ ಕಳಿಸಿದ್ದೆ.