ಕ್ಯಾಶ್‌ಲೆಸ್‌ಗೆ ಸಂದ ಹೊಗಳಿಕೆ

ಕಾರಿನ ವಿಮೆ ಮಾರಲು ಬಂದವರು ಮೊದಲು ಹೇಳುವುದೇ ತಮ್ಮ ಕಂಪನಿಗೆ ಒಪ್ಪಂದವಿರುವ ಗ್ಯಾರೇಜುಗಳ ಸಂಖ್ಯೆ. ದೇಶದಾದ್ಯಂತ ಸಾವಿರಾರು, ಎಲ್ಲೆಡೆಯೂ ಕ್ಯಾಶ್‌ಲೆಸ್. ದೊಡ್ಡಬಳ್ಳಾಪುರದವರಿಗೆ ಈ ದೊಡ್ಡ ಸಂಖ್ಯೆಯಿಂದ ಆಗಬೇಕಾದ್ದೇನೂ ಇಲ್ಲ. ಅವರಿಗೆ ಬೇಕಾದ್ದು, ತಮ್ಮ ಊರಿನಲ್ಲಿ ಟಿಂಕರಿಂಗ್, ಪೇಂಟಿಂಗ್ ಮಾಡುವ ನಂಬಿಕೆಯ ಗ್ಯಾರೇಜು ಆ ಪಟ್ಟಿಯಲ್ಲಿದೆಯೇ ಎಂಬುದು. ಇಲ್ಲವಾದರೆ ಯಲಹಂಕದ ಕಡೆಗೋ, ನೆಲಮಂಗಲದವರಾದರೆ ಪೀಣ್ಯದ ಕಡೆಗೋ, ಹೊಸಕೋಟೆಯವರಾದರೆ ಕೆ.ಆರ್. ಪುರದ ಕಡೆಗೋ ಗಾಡಿ ಎಳೆಸಬೇಕು. ಆಸ್ಪತ್ರೆಗಳ ವಿಷಯದಲ್ಲಾದರೆ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ 2024ರ ಜನವರಿಯಲ್ಲಿ ಪಟ್ಟಿಯ ಹೊರಗಿನ ಆಸ್ಪತ್ರೆಗೂ ಕ್ಯಾಶ್‌ಲೆಸ್ ವಿಸ್ತರಿಸುವ ಏರ್ಪಾಡು ಪ್ರಕಟಿಸಿತು. ಗ್ಯಾರೇಜು ಇಂದಿಗೂ ಪಟ್ಟಿಯದೇ ವ್ಯವಹಾರ.

ಹಣಕಾಸಿನ ಅಂಕಣಗಳಲ್ಲಿ ಒಂದು ತೀರ್ಪು ಪದೇ ಪದೇ ಕಾಣುತ್ತದೆ: ಕ್ಯಾಶ್‌ಲೆಸ್ ಸಿಕ್ಕರೆ ಅದೇ ಸರಿ, ರೀಇಂಬರ್ಸ್‌ಮೆಂಟ್ ಗತಿಯಿಲ್ಲದವರ ದಾರಿ. ನನಗಿದು ಒಪ್ಪಿಗೆಯಿಲ್ಲ. ಹಾಗೆ ಬರೆಯುವವರು ಪಾಲಿಸಿಯ ಷರತ್ತುಗಳನ್ನು ಓದಿದಂತೆ ಕಾಣುವುದಿಲ್ಲ. ಅವರು ಓದಿರುವುದು ಪಾಲಿಸಿಯ ಜೊತೆ ಬರುವ ಬಣ್ಣದ ಹಾಳೆಯನ್ನು.

2002ರ ಮೋಟಾರ್ ಟ್ಯಾರಿಫ್ ರೂಪಿಸಿದ ಖಾಸಗಿ ಕಾರಿನ ಪಾಲಿಸಿಯ ಒಕ್ಕಣೆಯೇ ಇಂದಿಗೂ ಹೆಚ್ಚಿನ ಪಾಲಿಸಿಗಳ ಬೆನ್ನೆಲುಬು. ಅದರ ಒಂದು ಷರತ್ತಿನ ಪ್ರಕಾರ ಗಾಡಿಯನ್ನು ರಿಪೇರಿ ಮಾಡಿಸಿಕೊಡುವುದೋ, ಭಾಗ ಬದಲಿಸಿಕೊಡುವುದೋ, ನಷ್ಟವನ್ನು ಹಣವಾಗಿ ಕೊಡುವುದೋ ಎಂಬ ಆಯ್ಕೆ ಕಂಪನಿಯದು. ಮಾಲೀಕನದಲ್ಲ. ಅಂದರೆ ಕ್ಯಾಶ್‌ಲೆಸ್ ಎಂಬುದು ಮಾಲೀಕ ಪ್ರೀಮಿಯಂ ಕಟ್ಟಿ ಕೊಂಡ ಹಕ್ಕಲ್ಲ, ಕಂಪನಿಯೂ ಗ್ಯಾರೇಜೂ ತಮ್ಮೊಳಗೆ ಮಾಡಿಕೊಂಡ ಏರ್ಪಾಡು. ಅವರಿಬ್ಬರ ನಡುವೆ ಬಾಕಿಯ ಜಗಳ ಬಂದು ಒಪ್ಪಂದ ನಿಂತರೆ, ಪಾಲಿಸಿ ಕೊಂಡ ದಿನ ಪಟ್ಟಿಯಲ್ಲಿದ್ದ ಗ್ಯಾರೇಜು ಅಪಘಾತದ ದಿನ ಇರುವುದಿಲ್ಲ. ಪಟ್ಟಿಯನ್ನು ಅಪಘಾತವಾದ ಮೇಲೆ ಫೋನು ಮಾಡಿಯೇ ಖಚಿತಪಡಿಸಿಕೊಳ್ಳಬೇಕಾಗುವುದು ಇದಕ್ಕೇ.

ಅದೇ ಪಾಲಿಸಿಯಲ್ಲಿ ಇನ್ನೊಂದು ಸಾಲಿದೆ. ಅಂಕಣಕಾರರು ಅದರ ಮೇಲೆ ನಿಲ್ಲುವುದಿಲ್ಲ, ನಾನು ನಿಲ್ಲುತ್ತೇನೆ. ಓಡಿಸಲಾಗದ ಸ್ಥಿತಿಗೆ ಬಂದ ಕಾರನ್ನು ಅತಿ ಹತ್ತಿರದ ರಿಪೇರಿಗಾರನ ಬಳಿಗೆ ಸಾಗಿಸಲು ಮತ್ತು ಮಾಲೀಕನಿಗೆ ಮರಳಿಸಲು ಆಗುವ ನ್ಯಾಯವಾದ ಖರ್ಚನ್ನು, ಒಟ್ಟು 1,500 ರೂಪಾಯಿ ಮೀರದಂತೆ, ಕಂಪನಿ ಭರಿಸುತ್ತದೆ. ‘ಅತಿ ಹತ್ತಿರದ ರಿಪೇರಿಗಾರ’ ಎಂದಿದೆಯೇ ಹೊರತು ಕಂಪನಿಯ ಪಟ್ಟಿಯಲ್ಲಿರುವವನು ಎಂದಿಲ್ಲ. ಈ ಒಕ್ಕಣೆ ಬರೆದವರ ಮನಸ್ಸಿನಲ್ಲಿದ್ದುದು ತಾಲ್ಲೂಕು ಕೇಂದ್ರದ ಗ್ಯಾರೇಜಿನಂಥದ್ದೇ. ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾಯ್ದು ಹೊಸಕೋಟೆಗೆ ಹೋಗುವ ಹೊಸ ವರ್ತುಲ ಹೆದ್ದಾರಿಯಲ್ಲಿ ಗುದ್ದಿಸಿಕೊಂಡ ಕಾರನ್ನು ನಗರದ ವರ್ಕ್‌ಶಾಪಿಗೆ ಫ್ಲ್ಯಾಟ್‌ಬೆಡ್ ಮೇಲೆ ಒಯ್ದರೆ, 1,500 ದಾಟಿದ ಬಾಡಿಗೆ ಮಾಲೀಕನ ಜೇಬಿನಿಂದ. ರಸ್ತೆ ನೆರವಿನ ಆಡ್‌ಆನ್ ಇದ್ದವರಿಗೆ ಆ ಮಟ್ಟಿಗೆ ವಿನಾಯಿತಿ.

ಇನ್ನು ಲೆಕ್ಕ. ಇದು ವಿವರಣೆಗಾಗಿ ನಾನು ಕಟ್ಟಿದ್ದು, ದರಗಳು ಊಹೆಯವು, ಸವಕಳಿಯ ಪ್ರಮಾಣಗಳು ಟ್ಯಾರಿಫ್‌ನವು. ಮೂರೂವರೆ ವರ್ಷ ಹಳೆಯ, 1,500 ಸಿಸಿ ಒಳಗಿನ ಕಾರು, ಮುಂಭಾಗ ಜಖಂ. ಬಂಪರ್ 6,000, ಹೆಡ್‌ಲೈಟ್ 8,000, ಬಾನೆಟ್ 9,000, ಮುಂದಿನ ಗಾಜು 7,000, ಕೂಲಿ 6,000, ಪೇಂಟಿಂಗ್ 8,000. ಒಟ್ಟು 44,000 ರೂಪಾಯಿ. ಬಂಪರ್ ಮತ್ತು ಹೆಡ್‌ಲೈಟ್ ಪ್ಲಾಸ್ಟಿಕ್ ಲೆಕ್ಕಕ್ಕೆ ಬರುವುದರಿಂದ ಸವಕಳಿ ಅರ್ಧಕ್ಕರ್ಧ: 7,000. ಬಾನೆಟ್ ಲೋಹ, ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ 25: 2,250. ಗಾಜಿಗೂ ಕೂಲಿಗೂ ಸವಕಳಿಯಿಲ್ಲ. ಪೇಂಟಿಂಗ್‌ನ ಒಟ್ಟು ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಸಾಮಾನೆಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ: 1,000. ಕಡ್ಡಾಯ ಕಡಿತ 1,000. ಹಳೆಯ ಬಾನೆಟ್ಟಿನ ಗುಜರಿ ಬೆಲೆ 500 ಎಂದಿಟ್ಟುಕೊಳ್ಳೋಣ. ಇವೆಲ್ಲ ಹೋಗಿ ಕಂಪನಿ ಕೊಡುವುದು 32,250, ಮಾಲೀಕ ಹೊರುವುದು 11,750.

ಈ 11,750 ಎರಡೂ ದಾರಿಯಲ್ಲಿ ಒಂದೇ. ಕ್ಯಾಶ್‌ಲೆಸ್ ಅಂದರೆ ಕೈಯಿಂದ ಏನೂ ಹೋಗದು ಎಂದು ನಂಬಿ ಗಾಡಿ ಬಿಡಿಸಿಕೊಳ್ಳಲು ಹೋದವರು ಕೌಂಟರಿನ ಮುಂದೆ ಬೆಪ್ಪಾಗುವುದು ಇಲ್ಲಿ. ಶೂನ್ಯ ಸವಕಳಿಯ ಆಡ್‌ಆನ್ ಇದ್ದರೆ 10,250 ಉಳಿಯುತ್ತದೆ, ನಿಜ. ಆದರೆ ಕೆಲವು ಪಾಲಿಸಿಗಳು ಆ ಸವಲತ್ತನ್ನು ಒಪ್ಪಂದದ ಗ್ಯಾರೇಜಿನ ರಿಪೇರಿಗೆ ಮಾತ್ರ ಕಟ್ಟಿಹಾಕಿವೆ. ಪಾಲಿಸಿ ಕೊಳ್ಳುವಾಗ ಓದಬೇಕಾದ ಷರತ್ತು ಇದು. ಇದೊಂದು ಇದ್ದರೆ ನನ್ನ ವಾದ ಅರ್ಧ ಬಿದ್ದಂತೆಯೇ.

ಹಾಗಾದರೆ ಕ್ಯಾಶ್‌ಲೆಸ್ ನಿಜವಾಗಿ ಕೊಡುವುದೇನು? 32,250 ರೂಪಾಯಿಯನ್ನು ಕೆಲವು ವಾರ ಹೊಂದಿಸುವ ತಾಪತ್ರಯದಿಂದ ಬಿಡುಗಡೆ, ಅಷ್ಟೇ. ಊರಿನಲ್ಲಿ ನೂರಕ್ಕೆ ಎರಡು ರೂಪಾಯಿ ತಿಂಗಳ ಬಡ್ಡಿಗೆ ಸಾಲ ತಂದರೂ ತಿಂಗಳಿಗೆ 645 ರೂಪಾಯಿ. ಇದು ಕ್ಯಾಶ್‌ಲೆಸ್‌ನ ಬೆಲೆ. ನಗರಕ್ಕೆ ಎಳೆಸಿದ ಹೆಚ್ಚುವರಿ ಬಾಡಿಗೆ, ‘ಗಾಡಿ ಎಲ್ಲಿಗೆ ಬಂತು’ ಎಂದು ನೋಡಲು ಯಲಹಂಕಕ್ಕೆ ಓಡಾಡುವ ದಿನಗೂಲಿ, ಎಲ್ಲ ಸೇರಿಸಿದರೆ ಅದರ ಮುಂದೆ ಈ 645 ಚಿಕ್ಕದು. ಬಡವನಿಗೆ ಮೊದಲೇ ಹಣ ಎಲ್ಲಿಂದ ಬರುತ್ತದೆ ಎಂದು ಅಂಕಣಕಾರರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಕೇಳುವವರು ಬರೆಯುತ್ತಿರುವುದು ಮಾತ್ರ ಎರಡು ಕಾರು, ಮೂರು ಕ್ರೆಡಿಟ್ ಕಾರ್ಡು ಇರುವ ಓದುಗರಿಗೆ. ಅವರ ಕರುಣೆ ಇಲ್ಲಿ ಅಲಂಕಾರಕ್ಕೆ ಬಂದಿದೆ.

ವಿಳಂಬದ ವಿಷಯಕ್ಕೂ ಇದೇ ಅನ್ವಯ. ಕ್ಯಾಶ್‌ಲೆಸ್ ಬೇಗ ಎಂಬ ಮಾತು ಅರ್ಧ ಸತ್ಯ. ರಿಪೇರಿ ಮುಗಿದು, ಕೊನೆಯ ಬಿಲ್ಲು ಕಂಪನಿಗೆ ಹೋಗಿ, ಕಂಪನಿ ತಾನು ಕೊಡುವ ಮೊತ್ತವನ್ನು ಬರೆದು ಡೆಲಿವರಿ ಆರ್ಡರ್ ಕಳಿಸುವವರೆಗೆ ತೊಳೆದು ನಿಲ್ಲಿಸಿದ ಕಾರು ಗ್ಯಾರೇಜಿನ ಅಂಗಳದಲ್ಲೇ ನಿಂತಿರುತ್ತದೆ. ಶನಿವಾರ ಸಂಜೆ ಮುಗಿದ ಕಾರು ಸೋಮವಾರದವರೆಗೆ ಅಲ್ಲೇ. ಒಳಗಿನ ಪೆಟ್ಟು ಬಿಚ್ಚಿದ ಮೇಲೆ ಕಂಡು ಪೂರಕ ಎಸ್ಟಿಮೇಟು ಹೋದರೆ ಒಪ್ಪಿಗೆ ಬರುವವರೆಗೆ ಇನ್ನಷ್ಟು ದಿನ. ಆ ಡಿ.ಒ. ಬಂದ ಗಡಿಬಿಡಿಯಲ್ಲೇ ‘ಕೆಲಸ ತೃಪ್ತಿಕರವಾಗಿದೆ’ ಎಂಬ ಕಾಗದಕ್ಕೆ, ಕಾರು ಒಂದು ಸುತ್ತು ಓಡಿಸುವ ಮೊದಲೇ, ಸಹಿ ಬೀಳುತ್ತದೆ. ರೀಇಂಬರ್ಸ್‌ಮೆಂಟಿನಲ್ಲಿ ಹಣ ಎಣಿಸುವವನು ಮಾಲೀಕ. ಬಣ್ಣ ಹೊಂದಿಲ್ಲದಿದ್ದರೆ, ಬಾಗಿಲು ಸರಿಯಾಗಿ ಕೂರದಿದ್ದರೆ, ಪೂರ್ತಿ ಹಣ ಕೊಡುವ ಮೊದಲೇ ಹೇಳಿ ಸರಿ ಮಾಡಿಸಿಕೊಳ್ಳುತ್ತಾನೆ. ಕ್ಯಾಶ್‌ಲೆಸ್‌ನಲ್ಲಿ ತಡವಾಗುವುದು ಗಾಡಿ, ಇಲ್ಲಿ ತಡವಾಗುವುದು ಹಣ. ಗಾಡಿಯಿಂದ ದುಡಿಯುವವರಿಗೆ ಯಾವುದು ಹೆಚ್ಚು ನೋವೆಂದು ಬಿಡಿಸಿ ಹೇಳಬೇಕಿಲ್ಲ.

ಆದರೂ ರೀಇಂಬರ್ಸ್‌ಮೆಂಟಿಗೆ ಕೆಟ್ಟ ಹೆಸರು ಸುಮ್ಮನೆ ಬಂದದ್ದಲ್ಲ. ಅದು ಕೆಡುವುದು ಮುಖ್ಯವಾಗಿ ಎರಡು ಕಡೆ. ಮೊದಲನೆಯದು, ಸರ್ವೇ ಆಗುವ ಮುನ್ನ ಗಾಡಿ ಬಿಚ್ಚುವುದು. ನಮ್ಮ ಕಡೆಯ ಮೆಕ್ಯಾನಿಕ್ಕುಗಳು ಉಪಕಾರಕ್ಕೆಂದೇ ಆ ರಾತ್ರಿಯೇ ಬಂಪರ್ ಕಳಚಿಡುತ್ತಾರೆ. ಕಂಪನಿಯ ಒಪ್ಪಿಗೆಯಿಲ್ಲದೆ ಮಾಲೀಕ ತಾನೇ ಮಾಡಿಸಬಹುದಾದ ರಿಪೇರಿಯ ಮಿತಿ ಆ ಹಳೆಯ ಒಕ್ಕಣೆಯಲ್ಲಿ 500 ರೂಪಾಯಿ. ಇಂದು ಆ ಹಣಕ್ಕೆ ಆಗುವ ಕೆಲಸ ಹೆಚ್ಚೇನಿಲ್ಲ. ಆದ್ದರಿಂದ ಮೊದಲು ಫೋನು ಮಾಡಿ ಕ್ಲೇಮು ನಂಬರು, ನಂಬರ್ ಪ್ಲೇಟ್ ಕಾಣುವಂತೆ ಜಖಂನ ಫೋಟೋ, ಗ್ಯಾರೇಜಿನ ಎಸ್ಟಿಮೇಟು, ಆಮೇಲೆ ಸರ್ವೇ, ಅದರ ನಂತರವೇ ಸ್ಪ್ಯಾನರ್. ಅಂದಾಜು ನಷ್ಟ 50,000 ರೂಪಾಯಿಗಿಂತ ಕಡಿಮೆಯಿದ್ದರೆ ಪರವಾನಗಿ ಪಡೆದ ಸ್ವತಂತ್ರ ಸರ್ವೇಯರ್ ಬರಲೇಬೇಕೆಂದಿಲ್ಲ. ಕಂಪನಿಯ ನೌಕರನೋ, ಫೋನಿನ ವಿಡಿಯೋವೋ ಸಾಕು. ನಮ್ಮ 44,000ದ ಕಾರು ಈ ಗೆರೆಯ ಕೆಳಗೇ ಇದೆ. ಕಳಚಿದ ಹಳೆಯ ಭಾಗಗಳನ್ನು ಮರುಪರಿಶೀಲನೆ ಮುಗಿಯುವವರೆಗೆ ಗುಜರಿಗೆ ಹಾಕಬಾರದು. ಬದಲಿಸಿದ್ದು ನಿಜವೇ ಎಂಬುದಕ್ಕೆ ಅದೇ ಸಾಕ್ಷಿ.

ಎರಡನೆಯದು ಬಿಲ್ಲು. ಸಹಿ ಮಾಡಿದ ಕ್ಲೇಮು ಫಾರಂ, ಆರ್‌.ಸಿ., ಓಡಿಸುತ್ತಿದ್ದವರ ಡಿ.ಎಲ್., ಪಾಲಿಸಿ ಪ್ರತಿ, ಗುರುತಿನ ದಾಖಲೆ, ರದ್ದು ಮಾಡಿದ ಚೆಕ್ಕು, ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸ್ ದಾಖಲೆ: ಇವೆಲ್ಲ ಎಲ್ಲರೂ ಕೊಡುತ್ತಾರೆ. ಎಡವುವುದು ಚೀಟಿಯಲ್ಲಿ ಬರೆದ ಕಚ್ಚಾ ಬಿಲ್ಲಿನಲ್ಲಿ. ಬಿಡಿಭಾಗ, ಕೂಲಿ, ಬಣ್ಣ ಬೇರೆ ಬೇರೆಯಾಗಿ ಕಾಣದ ಬಿಲ್ಲಿಗೆ ಸವಕಳಿ ಲೆಕ್ಕ ಹಾಕಲಾಗದು. ಇದರ ಜೊತೆ ತೆರಿಗೆಯ ಒಂದು ಸಂಗತಿಯಿದೆ, ಗ್ಯಾರೇಜಿನವರಿಗೂ ಇದು ಹೆಚ್ಚು ತಿಳಿದಿಲ್ಲ. ರೀಇಂಬರ್ಸ್‌ಮೆಂಟಿನಲ್ಲೂ ಕಂಪನಿ ರಿಪೇರಿಯ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ಟಾಗಿ ಪಡೆಯಬಹುದೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2024ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿತು. ಆದರೆ ಬಿಲ್ಲು ಕಂಪನಿಯ ಹೆಸರಿಗೆ ಇರಬೇಕು. ಹಣ ಕೊಡುವವನು ಮಾಲೀಕನಾದರೂ ಬಿಲ್ಲು ಯಾರ ಹೆಸರಿಗೆ ಬರೆಸಬೇಕು, ಕಂಪನಿಯ ಜಿಎಸ್‌ಟಿ ಸಂಖ್ಯೆ ಏನು ಎಂಬುದನ್ನು ಸರ್ವೇಯ ದಿನವೇ ಕೇಳಿ ಬರೆದಿಟ್ಟುಕೊಂಡರೆ ಬಿಲ್ಲು ಬದಲಿಸಿಕೊಂಡು ಬನ್ನಿ ಎಂಬ ಸುತ್ತಾಟ ತಪ್ಪುತ್ತದೆ. ವರ್ಷದ ವಹಿವಾಟು 20 ಲಕ್ಷದ ಒಳಗಿರುವ ಸಣ್ಣ ಗ್ಯಾರೇಜು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ, ತೆರಿಗೆಯಿಲ್ಲದ ಅದರ ಬಿಲ್ಲು ಕಾನೂನುಬದ್ಧವೇ. ಆಗ ಬಿಡಿಭಾಗಗಳನ್ನು ಅಂಗಡಿಯ ತೆರಿಗೆ ಬಿಲ್ಲಿನಲ್ಲಿ ಬೇರೆಯಾಗಿ ತರುವುದು, ಹಣವನ್ನು ಬ್ಯಾಂಕ್ ಮೂಲಕ ಕೊಟ್ಟು ರಸೀದಿ ಇಟ್ಟುಕೊಳ್ಳುವುದು ಮೇಲು.

ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಗಡುವುಗಳನ್ನು ಬಿಗಿಗೊಳಿಸಿತು: ಸರ್ವೇಯರ್ ನೇಮಕಕ್ಕೆ 24 ಗಂಟೆ, ವರದಿಗೆ 15 ದಿನ, ವರದಿ ಕೈಸೇರಿದ ಮೇಲೆ ಕಂಪನಿಯ ತೀರ್ಮಾನಕ್ಕೆ 7 ದಿನ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಸರ್ವೇಯರ್ ಅಂತಿಮ ವರದಿಯನ್ನು ರಿಪೇರಿ ಬಿಲ್ಲು ಬರಲೆಂದು ತಡೆಹಿಡಿಯುತ್ತಾನೆ. ಬಿಡಿಭಾಗ ಬಂದಿಲ್ಲ ಎಂಬ ಕಾರಣಕ್ಕೆ ಬಿಲ್ಲು ನಿಲ್ಲುತ್ತದೆ. ಅಲ್ಲಿಯವರೆಗೆ ಯಾರ ಗಡಿಯಾರವೂ ಓಡುವುದಿಲ್ಲ. ಆದ್ದರಿಂದ ಬಿಲ್ಲು, ರಸೀದಿ ಕೊಟ್ಟ ದಿನವನ್ನು ಇಮೇಲಿನಲ್ಲಿ ದಾಖಲಿಸಿ, ಇನ್ನೇನು ಬೇಕೆಂದು ಒಂದೇ ಸಲ ತಿಳಿಸಿ ಎಂದು ಕೇಳಬೇಕು. ಫೋನಿನಲ್ಲಿ ಕೇಳಿದ್ದಕ್ಕೆ ತಾರೀಕು ಉಳಿಯುವುದಿಲ್ಲ. ಕಂಪನಿಗೆ ಬರೆದ ದೂರಿಗೆ ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ, ವಕೀಲರಿಲ್ಲದೆ ಹೋಗಬಹುದು. ಅಲ್ಲಿ ಮಾತಾಡುವುದು ತಾರೀಕು ಇರುವ ಆ ಕಾಗದಗಳೇ.

ಹೊಗಳಿಕೆ ಪೂರ್ತಿ ಸುಳ್ಳೆನ್ನಲಾರೆ. ಏರ್‌ಬ್ಯಾಗ್ ಸಿಡಿದ ಕಾರು, ವಾರಂಟಿಯಲ್ಲಿರುವ ಹೊಸ ಕಾರು, ಬಿಲ್ಲು ಲಕ್ಷಗಳಿಗೆ ಏರುವ ಜಖಂ: ಇವುಗಳಲ್ಲಿ ಅಷ್ಟು ಹಣ ಮುಂಗಡವಾಗಿ ಹೊಂದಿಸುವ ಬಡ್ಡಿ ನನ್ನ 645ರ ಲೆಕ್ಕವನ್ನು ನುಂಗಿಬಿಡುತ್ತದೆ. ಆ ಕೆಲಸ ಬೀದಿಬದಿಯ ಶೆಡ್ಡಿನಲ್ಲಿ ಆಗುವಂಥದ್ದೂ ಅಲ್ಲ. ರಿಪೇರಿ ವೆಚ್ಚ ಕಾರಿನ ಐಡಿವಿಯ ಶೇ 75 ದಾಟಿದರಂತೂ ಅದು ಪೂರ್ಣ ನಷ್ಟವೆಂದೇ ಲೆಕ್ಕ, ಕ್ಯಾಶ್‌ಲೆಸ್ಸೂ ಇಲ್ಲ, ರಿಪೇರಿಯೂ ಇಲ್ಲ. ಬಂಪರ್, ಬಾನೆಟ್, ಗಾಜಿನ ಮಟ್ಟದ ಕ್ಲೇಮುಗಳ ಮಾತು ಬೇರೆ. ಅಲ್ಲಿ ದೊಡ್ಡಬಳ್ಳಾಪುರದ ಕಾರು ದೊಡ್ಡಬಳ್ಳಾಪುರದಲ್ಲೇ ರಿಪೇರಿಯಾಗುವುದು ಸರಿ.