ಒಂದು ತಿಂಗಳ ಸಂಬಳದ ಲೆಕ್ಕ

ಬೆಂಗಳೂರಿನಲ್ಲಿ ಕೆಲಸ ಬದಲಿಸಲು ಹೊರಟವರಿಗೆಲ್ಲ ಈ ಕರೆ ಪರಿಚಿತ. “ಸರ್, ಒಳ್ಳೆ ಓಪನಿಂಗ್ ಇದೆ, ರೆಸ್ಯೂಮೆ ಕಳಿಸಿ. ಈಗಿನ ಸಿಟಿಸಿ ಎಷ್ಟು? ನೋಟಿಸ್ ಪೀರಿಯಡ್ ಎಷ್ಟು?” ಕಂಪನಿ ಯಾವುದೆಂದು ಕೇಳಿದರೆ, “ದೊಡ್ಡ ಎಂಎನ್‌ಸಿ ಸರ್, ಶಾರ್ಟ್‌ಲಿಸ್ಟ್ ಆದ್ಮೇಲೆ ಹೇಳ್ತೀನಿ.” ಕರೆ ಮಾಡಿದ ಕನ್ಸಲ್ಟೆನ್ಸಿಯವರು ನಮ್ಮ ಹಿತೈಷಿಗಳೋ ಮೋಸಗಾರರೋ ಎಂದು ತಲೆ ಕೆಡಿಸಿಕೊಳ್ಳುವವರೇ ಹೆಚ್ಚು. ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ಅವರಿಗೆ ಹಣ ಕೊಡುವವರು ಯಾರು, ಯಾವಾಗ ಎಂಬುದು.

ಕಾಯಂ ನೌಕರಿಗಳಲ್ಲಿ ಕನ್ಸಲ್ಟೆನ್ಸಿಗೆ ಶುಲ್ಕ ಕೊಡುವುದು ಕಂಪನಿ. ನಮ್ಮಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ದರ ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳ. ಹುದ್ದೆ ಮತ್ತು ಒಪ್ಪಂದಕ್ಕೆ ತಕ್ಕಂತೆ ಇದು ಹೆಚ್ಚು ಕಡಿಮೆಯಾಗುತ್ತದೆ. ನೀವು ಕೆಲಸಕ್ಕೆ ಸೇರಿದ ಮೇಲಷ್ಟೇ ಬಿಲ್ಲು. ಸೇರಿದವರು 60 ಅಥವಾ 90 ದಿನಗಳೊಳಗೆ ಬಿಟ್ಟರೆ ಸಾಮಾನ್ಯವಾಗಿ ಅದೇ ಶುಲ್ಕಕ್ಕೆ ಬೇರೊಬ್ಬರನ್ನು ಹುಡುಕಿಕೊಡಬೇಕು, ಇಲ್ಲವೇ ಹಣ ವಾಪಸ್ ಮಾಡಬೇಕು. ಸೇರಿದ ಮೊದಲ ತಿಂಗಳುಗಳಲ್ಲಿ “ಹೇಗಿದೆ ಸರ್ ಕೆಲಸ?” ಎಂದು ಕರೆ ಬರುವುದು, ಆಮೇಲೆ ನಿಂತುಹೋಗುವುದು ಈ ಕಾರಣಕ್ಕೇ.

ಇದರಿಂದ ಆಗುವುದೇನು ನೋಡಿ. ಒಬ್ಬರಿಗೆ 12 ಲಕ್ಷದ ಆಫರ್ ಬಂದಿದೆ, ಅವರು 13 ಕೇಳುತ್ತಿದ್ದಾರೆ ಎಂದಿಟ್ಟುಕೊಳ್ಳಿ. 12 ಲಕ್ಷಕ್ಕೆ ಸೇರಿದರೆ ಕನ್ಸಲ್ಟೆನ್ಸಿಗೆ ಸುಮಾರು 1 ಲಕ್ಷ. 13ಕ್ಕೆ ಸೇರಿದರೆ ಅದಕ್ಕಿಂತ 8,330 ರೂಪಾಯಿ ಹೆಚ್ಚು, ಅಷ್ಟೇ. ಎಳೆದಾಟದಲ್ಲಿ ಕಂಪನಿ ಬೇಸತ್ತು ಬೇರೆಯವರನ್ನು ತೆಗೆದುಕೊಂಡರೆ ಪೂರ್ತಿ 1 ಲಕ್ಷವೂ ಹೋಯಿತು. ಅಭ್ಯರ್ಥಿಗೆ ವರ್ಷಕ್ಕೆ ಲಕ್ಷ ರೂಪಾಯಿಯ ಪ್ರಶ್ನೆಯಾದದ್ದು ಕನ್ಸಲ್ಟೆನ್ಸಿಗೆ ಎಂಟು ಸಾವಿರದ ಪ್ರಶ್ನೆ. “ಬಜೆಟ್ ಇಷ್ಟೇ ಸರ್, ಒಪ್ಕೊಂಡ್ಬಿಡಿ” ಎನ್ನುವ ಮಾತು ನಿಜವೂ ಇರಬಹುದು, ಆದರೆ ಅದನ್ನು ಹೇಳುವವರ ಲಾಭ ಎಲ್ಲಿದೆ ಎಂಬುದು ಗೊತ್ತಿರಲಿ. ಬಾಗಿಲು ತೆರೆಸುವುದರಲ್ಲಿ, ಸಂದರ್ಶನದಲ್ಲಿ ಏನು ಕೇಳುತ್ತಾರೆಂದು ಮೊದಲೇ ತಿಳಿಸುವುದರಲ್ಲಿ ಒಳ್ಳೆಯ ಕನ್ಸಲ್ಟೆಂಟ್‌ಗೆ ಸಾಟಿಯಿಲ್ಲ. ಕೊನೆಯ ಲಕ್ಷದ ಚೌಕಾಸಿಗೆ ಮಾತ್ರ ಅವರು ಸರಿಯಾದ ವಕೀಲರಲ್ಲ. ಆ ಮಾತನ್ನು ಕಂಪನಿಯ ಎಚ್‌ಆರ್ ಜೊತೆ ನೀವೇ ನೇರವಾಗಿ ಆಡುವುದು ಮೇಲು.

ಈ ಪದ್ಧತಿಯಲ್ಲಿ ನನಗೆ ಅತ್ಯಂತ ಕೆಟ್ಟದಾಗಿ ಕಾಣುವುದು ಬೇರೊಂದಿದೆ: ಕೇಳದೆ ರೆಸ್ಯೂಮೆ ಕಳಿಸುವುದು. ಒಬ್ಬ ಅಭ್ಯರ್ಥಿಯ ಹೆಸರನ್ನು ಯಾರು ಮೊದಲು ಕಳಿಸುತ್ತಾರೋ ಶುಲ್ಕ ಅವರಿಗೆ ಎಂಬುದು ಹೆಚ್ಚಿನ ಕಂಪನಿಗಳ ನಿಯಮ, ಆ ಹಕ್ಕು ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಕೈಗೆ ಸಿಕ್ಕ ರೆಸ್ಯೂಮೆಯನ್ನು ಮೊದಲು ತಳ್ಳಿಬಿಡುವ ಪೈಪೋಟಿ. ಎರಡು ಕಡೆಯಿಂದ ಒಂದೇ ಹೆಸರು ಬಂದರೆ ಶುಲ್ಕದ ಜಗಳ ಯಾರಿಗೆ ಬೇಕೆಂದು ಕಂಪನಿ ಆ ಹೆಸರನ್ನೇ ಬದಿಗಿಡುವುದುಂಟು. ನಿಮ್ಮ ಗೆಳತಿ ಅದೇ ಕಂಪನಿಯಲ್ಲಿದ್ದು ರೆಫರ್ ಮಾಡಲು ಹೋದರೆ, “ಈ ಪ್ರೊಫೈಲ್ ಈಗಾಗಲೇ ಇದೆ” ಎಂಬ ಉತ್ತರ ಬರುತ್ತದೆ. ನೀವಾಗಿ ಕಳಿಸಿರದಿದ್ದರೆ, ಯಾರೋ ನಿಮ್ಮನ್ನು ಕೇಳದೆ ಕಳಿಸಿದ್ದಾರೆ ಎಂಬುದಕ್ಕೆ ಅದೇ ಗುರುತು.

ಇದಕ್ಕೆ ಮದ್ದು ಒಂದು ಸಣ್ಣ ಇಮೇಲ್: “ಈ ಕಂಪನಿಯ ಈ ಹುದ್ದೆಗೆ ಮಾತ್ರ ನನ್ನ ರೆಸ್ಯೂಮೆ ಕಳಿಸಲು ಒಪ್ಪಿಗೆಯಿದೆ. ಬೇರೆ ಎಲ್ಲಿಗೂ ನನ್ನನ್ನು ಕೇಳದೆ ಕಳಿಸಬೇಡಿ.” ಕಂಪನಿಯ ಹೆಸರು ಹೇಳದವರಿಗೆ ರೆಸ್ಯೂಮೆಯನ್ನೇ ಕೊಡಬೇಡಿ. ಯಾರಿಗೆ, ಯಾವ ತಾರೀಖಿನಂದು, ಯಾವ ಕಂಪನಿಗೆ ಒಪ್ಪಿಗೆ ಕೊಟ್ಟಿರೆಂದು ಬರೆದಿಟ್ಟುಕೊಳ್ಳಿ.

ಉಳಿದಂತೆ, ಸಂಬಳದ ವಿಷಯದಲ್ಲಿ ಸುಳ್ಳು ಬೇಡ, ಸಂಬಳದ ಚೀಟಿ, ಫಾರ್ಮ್ 16 ಪರಿಶೀಲನೆಯಲ್ಲಿ ಅದು ಹೊರಬೀಳುತ್ತದೆ. ಈಗಿನ ಸಂಬಳ ಹೇಳುವುದಾದರೆ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು ಎಂದು ಬಿಡಿಸಿ ಹೇಳಿ. ನೋಟಿಸ್ ಪೀರಿಯಡ್ ಇದ್ದದ್ದು ಇದ್ದಂತೆ ಹೇಳಿ. ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮೊದಲ ಕರೆಗೇ ಬೇಕಾಗುವ ವಸ್ತುಗಳಲ್ಲ. ಆಫರ್ ಹಂತಕ್ಕೆ ಬಂದ ಮೇಲೆ ನೇರವಾಗಿ ಕಂಪನಿಗೇ ಕೊಡಬಹುದು.

“ಬೇರೆ ಎಲ್ಲೆಲ್ಲಿ ಇಂಟರ್‌ವ್ಯೂ ಕೊಡ್ತಿದ್ದೀರಿ?” ಎಂಬ ಪ್ರಶ್ನೆಗೆ ಮಾತ್ರ ಎಚ್ಚರ. ನೀವು ಕೈತಪ್ಪಿ ಹೋಗುವಿರಾ ಎಂದು ಅಳೆಯುವುದರ ಜೊತೆಗೆ, ಯಾವ ಕಂಪನಿ ಜನರನ್ನು ತೆಗೆದುಕೊಳ್ಳುತ್ತಿದೆ ಎಂಬ ಸುಳಿವೂ ಅದರಿಂದ ಸಿಗುತ್ತದೆ. ನಾಳೆ ಅದೇ ಕಂಪನಿಗೆ ಕನ್ಸಲ್ಟೆನ್ಸಿಯವರು ತಮ್ಮ ಬೇರೆ ಅಭ್ಯರ್ಥಿಗಳ ಪಟ್ಟಿ ಹಿಡಿದು ಹೋಗಬಹುದು, ಅವರೆಲ್ಲ ನಿಮ್ಮ ಪ್ರತಿಸ್ಪರ್ಧಿಗಳು. “ಎರಡು ಕಡೆ ಮಾತುಕತೆ ನಡೆದಿದೆ” ಎಂದರೆ ಸಾಕು, ಹೆಸರು ಬೇಡ.

ಇಷ್ಟು ಗೊತ್ತಿದ್ದರೆ ಕನ್ಸಲ್ಟೆನ್ಸಿ ಉಪಯುಕ್ತ ದಾರಿಯೇ, ಅದರಲ್ಲೂ ಜಾಹೀರಾತಿಗೇ ಬಾರದ ಹುದ್ದೆಗಳಿಗೆ. ಆದರೆ ಶುಲ್ಕ ಕಂಪನಿಯಿಂದ ಬರುವ ಈ ವ್ಯವಹಾರದಲ್ಲಿ ನೋಂದಣಿಗೆಂದೋ ತರಬೇತಿಗೆಂದೋ ನಿಮ್ಮಿಂದ ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.