ಮೂರು ಲೋಟ ಇಡ್ಲಿ ಹಿಟ್ಟು

ಮಾಧ್ಯಮಿಕ ಶಾಲೆಯ ವಿಜ್ಞಾನ ಮೇಳಗಳಲ್ಲಿ ಅಡುಗೆ ಸೋಡಾ, ವಿನಿಗರ್ ಬೆರೆಸಿ ನೊರೆ ಉಕ್ಕಿಸುವ ಜ್ವಾಲಾಮುಖಿ ತಪ್ಪುವುದೇ ಇಲ್ಲ. ನೋಡಲು ಚೆನ್ನ. ಆದರೆ ಅದು ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಏಕೆ ಉಬ್ಬುವುದಿಲ್ಲ ಎಂಬ ಅಮ್ಮನ ಗೊಣಗಾಟದಲ್ಲಿ ಅದಕ್ಕಿಂತ ಹೆಚ್ಚು ವಿಜ್ಞಾನವಿದೆ.

ಒಂದು ಪಾವು ಉದ್ದು, ಎರಡು ಪಾವು ಅಕ್ಕಿಯನ್ನು ಶನಿವಾರ ರಾತ್ರಿ ಬೇರೆಬೇರೆಯಾಗಿ ನೆನೆಹಾಕಿ. ಭಾನುವಾರ ಬೆಳಗ್ಗೆ ಆರಕ್ಕೆ ರುಬ್ಬಿ, ಉಪ್ಪು ಹಾಕಿ ಕಲಸಿ. ರಾತ್ರಿಯೇ ರುಬ್ಬಿಟ್ಟರೆ ಮುಖ್ಯವಾದದ್ದೆಲ್ಲ ಮಕ್ಕಳು ಮಲಗಿದ್ದಾಗ ನಡೆದುಹೋಗುತ್ತದೆ. ನೇರ ಗೋಡೆಯ ಮೂರು ಗಾಜಿನ ಲೋಟಗಳಿಗೆ ಅದೇ ಹಿಟ್ಟನ್ನು ಐದು ಸೆಂಟಿಮೀಟರ್ ಎತ್ತರಕ್ಕೆ ತುಂಬಿ, ಹೊರಗೆ ಕಾಗದದ ಪಟ್ಟಿ ಅಂಟಿಸಿ ಗುರುತು ಹಾಕಿ. ಮೇಲೊಂದು ತಟ್ಟೆ ಸಡಿಲವಾಗಿ ಮುಚ್ಚಿದರೆ ಸಾಕು. ಒಂದು ಲೋಟ ಫ್ರಿಜ್‌ಗೆ, ಒಂದು ಅಡುಗೆಮನೆಯ ಕಟ್ಟೆಗೆ, ಇನ್ನೊಂದು ಉಗುರುಬೆಚ್ಚನೆಯ ನೀರಿರುವ ಪಾತ್ರೆಯೊಳಕ್ಕೆ. ಆ ನೀರು ಆರಿದಾಗಲೆಲ್ಲ ಬದಲಿಸಬೇಕು. ಕೈ ಹಿಂದೆಗೆಯುವಷ್ಟು ಬಿಸಿ ಬೇಡ, ಸೂಕ್ಷ್ಮಜೀವಿಗಳು ಸಾಯುತ್ತವೆ.

ಹಿಟ್ಟಿನೊಳಗೆ ಕೆಲಸ ಮಾಡುವುದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಅದು ಉದ್ದಿನ ಜೊತೆಗೇ ಬಂದಿರುತ್ತದೆ. ಸಕ್ಕರೆ ತಿಂದು ಹುಳಿಯನ್ನೂ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತದೆ. ಆ ಅನಿಲವನ್ನು ಉದ್ದಿನ ಲೋಳೆ ಗುಳ್ಳೆಗಳಾಗಿ ಹಿಡಿದಿಡುತ್ತದೆ.

ಗಂಟೆಗೊಮ್ಮೆ ಎತ್ತರ ಬರೆದುಕೊಳ್ಳಿ. ನಮ್ಮ ಮನೆಯ ಕಟ್ಟೆಯ ಮೇಲೆ ಮೊದಲ ನಾಲ್ಕು ಗಂಟೆ ಏನೂ ಆದಂತೆ ಕಾಣಲಿಲ್ಲ. ನೀರಿನಲ್ಲಿದ್ದ ಲೋಟ ಬೇಗ ಏರಿ ಒಂಬತ್ತು ಸೆಂಟಿಮೀಟರ್ ಮುಟ್ಟಿತು. ಫ್ರಿಜ್‌ನದು ಐದರಲ್ಲೇ ಉಳಿಯಿತು. ಎಡವಟ್ಟಾದದ್ದು ಆಮೇಲೆ. ರಾತ್ರಿ ನೋಡಿದರೆ ಬೆಚ್ಚನೆಯ ಲೋಟ ಏಳಕ್ಕೆ ಇಳಿದಿತ್ತು, ಕಟ್ಟೆಯದು ಎಂಟರಲ್ಲಿತ್ತು. ಆ ಒಂದೇ ಅಳತೆ ನೋಡಿದ ಮಗು, ಬೆಚ್ಚನೆಯ ನೀರಿಗಿಂತ ಕಟ್ಟೆಯ ಮೇಲೇ ಹಿಟ್ಟು ಚೆನ್ನಾಗಿ ಉಬ್ಬುತ್ತದೆ ಎಂದು ಬರೆದುಬಿಡುತ್ತದೆ. ಗುಳ್ಳೆಗಳು ಒಡೆದು ಹಿಟ್ಟು ಕುಸಿದದ್ದು ಗೊತ್ತಾಗುವುದು ಗಾಜಿನ ಒಳಗೋಡೆಗೆ ಮೆತ್ತಿಕೊಂಡ ಬಿಳಿ ಗೆರೆಯಿಂದ. ಏರಿದ ಎತ್ತರವೆಷ್ಟು ಎಂದು ಹೇಳುವುದು ಆ ಗೆರೆಯೇ.

ಇದನ್ನು ಕನಿಷ್ಠ ಮೂರು ಭಾನುವಾರ ಮಾಡಬೇಕು. ಒಂದು ಸಲದ ಫಲಿತಾಂಶ ರುಬ್ಬಿದ ರೀತಿಯದೂ ಇರಬಹುದು, ನೀರು ಹೆಚ್ಚಾದದ್ದೂ ಇರಬಹುದು. ಹುಳಿಯನ್ನೂ ತೋರಿಸುವ ಆಸೆಯಿದ್ದರೆ ಅರಿಶಿನದ ಕಾಗದ ಬೇಡ, ಅದು ಬಣ್ಣ ಬದಲಿಸುವುದು ಸೋಪಿನಂಥ ಕ್ಷಾರಕ್ಕೆ. ಕೆಂಪು ದಾಸವಾಳದ ಎಸಳು ನೆನೆಸಿದ ನೀರು ಹುಳಿಗೆ ಕೆಂಪೇರುತ್ತದೆ.

ಬಣ್ಣದ ಥರ್ಮಾಕೋಲ್ ಫಲಕಕ್ಕೆ ದುಡ್ಡು ಹಾಕಬೇಡಿ. ಮೇಜಿನ ಮೇಲೆ ಆ ಮೂರು ಲೋಟಗಳನ್ನು ತೊಳೆಯದೆ ಇಡಿ.